ರಜೆಯ ದಿನದ ಚಿನ್ನದ ಕುಸಿತ: ಒಂದು ಸ್ಪಷ್ಟನೆ

"ರಜೆಯ ದಿನ ನಿಮಿಷಗಳಲ್ಲಿ ಚಿನ್ನ ಕುಸಿದಿದೆ, ದೊಡ್ಡವರು ಮಾರಿ ಹೊರಟಿದ್ದಾರೆ, ನಾವೂ ಮಾರಿಬಿಡೋಣ."

ಮಾಟುಂಗಾದ ನಮ್ಮ ಕನ್ನಡಿಗರ ಮೊಬೈಲ್‌ಗಳಲ್ಲಿ ಹರಿದಾಡುತ್ತಿರುವ ಈ ತೀರ್ಮಾನ ತಪ್ಪು. 2021ರ ಆಗಸ್ಟ್ 9ನ್ನು ನೆನಪಿಸಿಕೊಳ್ಳಿ. ಜಪಾನ್, ಸಿಂಗಾಪುರ ಎರಡೂ ಕಡೆ ರಜೆ. ನಮಗಿನ್ನೂ ಬೆಳಗಿನ ಜಾವ. ಔನ್ಸ್‌ಗೆ ಸುಮಾರು 1,760 ಡಾಲರ್ ಇದ್ದ ಚಿನ್ನ ನಿಮಿಷಗಳಲ್ಲಿ 1,690ಕ್ಕಿಂತ ಕೆಳಗಿಳಿಯಿತು. ಕೊಳ್ಳುವವರು ವಿರಳವಾಗಿದ್ದಾಗ ದೊಡ್ಡ ಮಾರಾಟವೊಂದು ಬಂದರೆ, ಒಂದು ಬೆಲೆಯಲ್ಲಿ ಬೇಡಿಕೆ ಮುಗಿದು ಕೆಳಗಿನ ಬೆಲೆಗೆ ಜಾರುತ್ತದೆ. ಬೆಲೆ ಇಷ್ಟಕ್ಕಿಳಿದರೆ ಮಾರಿಬಿಡಿ ಎಂದು ಮೊದಲೇ ಕೊಟ್ಟಿಟ್ಟು ಅಲ್ಲಿ ಕಾದಿದ್ದ ಸ್ಟಾಪ್‌ಲಾಸ್ ಆದೇಶಗಳು ತಾವಾಗಿಯೇ ಮಾರಾಟಕ್ಕಿಳಿದು ಕುಸಿತವನ್ನು ಇನ್ನಷ್ಟು ಆಳಕ್ಕೆ ಒಯ್ಯುತ್ತವೆ. ಹಿಂದಿನ ಶುಕ್ರವಾರ ಅಮೆರಿಕದ ಉದ್ಯೋಗ ವರದಿಯಿಂದ ಚಿನ್ನ ಇಳಿದದ್ದಕ್ಕೆ ನಿಜವಾದ ಕಾರಣವಿತ್ತು. ಸೋಮವಾರದ ಆ ತಳಕ್ಕೆ ಅಷ್ಟು ಬಲವಿರಲಿಲ್ಲ. ಅದೇ ದಿನ ಬೆಲೆ 1,730ರ ಆಸುಪಾಸಿಗೆ ಮರಳಿತು. ದಯವಿಟ್ಟು ಲಂಡನ್, ನ್ಯೂಯಾರ್ಕ್ ವಹಿವಾಟು ತೆರೆಯುವವರೆಗೆ ಕಾಯಿರಿ. ಕೊಳ್ಳುವವರು ತುಂಬಿದ ಮೇಲೂ ಬೆಲೆ ಕೆಳಗೇ ನಿಂತರೆ ಆ ಇಳಿಕೆಯನ್ನು ನಂಬಬಹುದು.