ಅಜ್ಜಿಯ ಫೋನಿನಿಂದ ಬಂದ ಕರೆಂಟು

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ಬೆಳಿಗ್ಗೆ ಅಮ್ಮನ ಫೋನಿನಿಂದ ಒಂದೇ ಒಂದು ಪದ ಬಂತು. 'ಕರೆಂಟ್'.

ಐದು ನಿಮಿಷದಲ್ಲಿ ಇಡೀ ವಂಶ ಎದ್ದು ಕೂತಿತು. 'ಇಲ್ಲಿ ಐತಿ, ನಿಮ್ಮಲ್ಲಿ ಹೋಗೈತೇನು?' ಎಂದು ಧಾರವಾಡದ ಅತ್ತೆ ಕೇಳಿದರು. ಚಿಕ್ಕಪ್ಪ 1912ಕ್ಕೆ ಫೋನ್ ಮಾಡಲು ಹೇಳಿದರು. ಯಾರೋ ಬಿಲ್ ಕಟ್ಟಿದ್ದೀರಾ ಎಂದರು. ಅದಕ್ಕೆ ಮತ್ಯಾರೋ ಬೇಜಾರಾದರು. ಬೆಂಗಳೂರಿನ ಭಾವ ಇಂಜಿನಿಯರ್. ಅವರು 'ವಿದ್ಯುದಾವೇಶಗಳ ಹರಿವಿನ ದರವೇ ವಿದ್ಯುತ್ ಪ್ರವಾಹ' ಎಂದು ಬರೆದು ಸುಮ್ಮನಾದರು. ನಡುವೆ ದೊಡ್ಡಪ್ಪನ ಗುಲಾಬಿ ಹೂವು, ಶುಭೋದಯ.

ಬರೆದದ್ದು ಅಮ್ಮ ಅಲ್ಲ, ರಜೆಗೆ ಅಲ್ಲಿಗೆ ಹೋಗಿದ್ದ ತಂಗಿಯ ಮಗಳು ಪುಟ್ಟಿ. ವಯಸ್ಸು ಎಂಟು. ಅವಳಿಗೆ ಟೈಪ್ ಮಾಡಲು ಬೇಜಾರು, ಹಾಗಾಗಿ ಇಡೀ ಪ್ರಶ್ನೆಯನ್ನು ಒಂದು ಪದಕ್ಕೆ ಇಳಿಸಿಬಿಡುತ್ತಾಳೆ. ಉಳಿದದ್ದನ್ನು ನಾವು ಊಹಿಸಿಕೊಳ್ಳಬೇಕು. ಮಕ್ಕಳಿಗೆ ಉತ್ತರ ಹೇಳುವ ಮೊದಲು ಊಹಿಸುವುದನ್ನು ಬಿಟ್ಟು ಕೇಳಿಬಿಡುವುದು ಒಳ್ಳೆಯದು. ನಾನು ಐಟಿಐಯಲ್ಲಿ ಹುಡುಗರಿಗೆ ವೈರಿಂಗ್ ಕಲಿಸುವವನು. ನನ್ನ ಅರ್ಧ ಕೆಲಸ ಇವರು ಕೇಳುತ್ತಿರುವುದು ಏನು ಅಂತ ಪತ್ತೆ ಮಾಡುವುದೇ. ಫೋನ್ ಮಾಡಿದೆ.

"ಪುಟ್ಟಿ, ಕರೆಂಟಿನಲ್ಲಿ ಏನು ನೋಡಿದೆ?"

"ಮಾವ, ಅಪ್ಪ ಪ್ಲಗ್ಗಿಗೆ ಟೆಸ್ಟರ್ ಹಾಕಿ ಹಿಂದೆ ಬೆರಳಿಟ್ಟರು. ಒಳಗೆ ದೀಪ ಹತ್ತಿತು. ಅಪ್ಪಂಗೆ ಶಾಕ್ ಹೊಡೀಲೇ ಇಲ್ಲ. ನಾನೂ ಇಡ್ಲಾ?"

ಮೊದಲ ಪ್ರಶ್ನೆ ಚೆನ್ನಾಗಿತ್ತು. ಎದೆ ಧಸಕ್ ಎಂದದ್ದು ಎರಡನೆಯದಕ್ಕೆ. ಹಿಂದಿನಿಂದ ಅಮ್ಮನ ದನಿ: "ಮುಟ್ಟಿದ್ರೆ ಗುಮ್ಮ ಹಿಡ್ಕೊಳ್ಳುತ್ತೆ ಅನ್ನು!" ಗುಮ್ಮ ಅಂದರೆ ಹೆಚ್ಚು ಹೊತ್ತು ನಡೆಯುವುದಿಲ್ಲ. ಅಪ್ಪನನ್ನು ಗುಮ್ಮ ಹಿಡಿಯಲಿಲ್ಲ ಎಂಬುದನ್ನು ಅವಳು ಕಣ್ಣಾರೆ ನೋಡಿದ್ದಾಳಲ್ಲ.

"ಮೊದಲು ಎರಡನೆಯದು. ಇಡಬೇಡ. ಯಾಕೆ ಅಂತ ಈಗಲೇ ಹೇಳ್ತೀನಿ. ಕರೆಂಟು ಅಪ್ಪನ ಮೈಯೊಳಗೂ ಹರಿಯಿತು" ಎಂದೆ.

ಆ ಕಡೆ ಮೌನ. ಆಮೇಲೆ "ಸುಳ್ಳು".

ಸುಳ್ಳಲ್ಲ. ಟೆಸ್ಟರಿನ ತುದಿ, ಒಳಗಿನ ಪುಟ್ಟ ನಿಯಾನ್ ದೀಪ, ಬೆರಳು, ಮೈ, ನೆಲ: ಈ ದಾರಿ ಪೂರ್ತಿಯಾದರೆ ಮಾತ್ರ ದೀಪ ಹತ್ತುತ್ತದೆ. ಬೆರಳು ತೆಗೆದರೆ ಆರುತ್ತದೆ. ಆದರೆ ದೀಪದ ಜೊತೆ ಒಂದು ತಡೆ ಇರುತ್ತದೆ, ರೆಸಿಸ್ಟರ್ ಅಂತಾರೆ. ಸಾಮಾನ್ಯವಾಗಿ ಹತ್ತು ಲಕ್ಷ ಓಮ್ ಆಸುಪಾಸು. ಮನೆಯ ಕರೆಂಟು 230 ವೋಲ್ಟ್. ಭಾಗಿಸಿದರೆ ಹರಿಯುವುದು ಕಾಲು ಮಿಲಿಆಂಪಿಗಿಂತ ಕಡಿಮೆ. ಮಿಲಿಆಂಪ್ ಅಂದರೆ ಆಂಪಿನ ಸಾವಿರ ಭಾಗಗಳಲ್ಲಿ ಒಂದು. ನಮಗೆ ಜುಂ ಅನ್ನಿಸಲು ಸುಮಾರು ಒಂದು ಮಿಲಿಆಂಪ್ ಬೇಕು. ಅಪ್ಪನಿಗೆ ಗೊತ್ತಾಗದೇ ಇದ್ದದ್ದು ಅದಕ್ಕೆ.

ಎಂಟು ವರ್ಷದವಳಿಗೆ ಭಾಗಾಕಾರ ಯಾಕೆ ಎಂದು ತಂಗಿ ಗೊಣಗಿದಳು. ಪುಟ್ಟಿಗೆ ಮಾತ್ರ ಸೊನ್ನೆಗಳೆಂದರೆ ಇಷ್ಟ. ಹತ್ತು ಲಕ್ಷಕ್ಕೆ ಎಷ್ಟು ಸೊನ್ನೆ ಎಂದು ಬರೆದೇ ನೋಡಿದಳು.

"ಹಾಗಾದ್ರೆ ನಾನ್ಯಾಕೆ ಇಡಬಾರದು?"

ಇಲ್ಲಿ 'ನೀನಿನ್ನೂ ಚಿಕ್ಕವಳು' ಎನ್ನುವುದು ಬಹಳ ಸುಲಭ. ಆದರೆ ಕಾರಣ ಅದಲ್ಲ. ಬೆರಳು ಹಿಂದಿನ ಗುಂಡಿಯ ಮೇಲಿಂದ ಜಾರಿ ಮುಂದಿನ ಬರಿಯ ಕಡ್ಡಿಗೆ ತಾಗಿದರೆ ನಡುವೆ ತಡೆಯೇ ಇರುವುದಿಲ್ಲ. ಹಿಡಿ ಬಿರುಕು ಬಿಟ್ಟಿದ್ದರೂ, ಒಳಗೆ ನೀರು ಸೇರಿದ್ದರೂ ಹಾಗೆಯೇ. ಒದ್ದೆ ಕೈಯಾದರೆ ಕರೆಂಟು ಇನ್ನೂ ಸಲೀಸಾಗಿ ಹರಿಯುತ್ತದೆ. ಹತ್ತು ಹದಿನೈದು ಮಿಲಿಆಂಪ್ ದಾಟಿದರೆ ಹಿಡಿದ ಕೈ ಬಿಡಿಸಿಕೊಳ್ಳಲು ಆಗದು. ಅದಕ್ಕಿಂತ ಜಾಸ್ತಿಯಾದರೆ ಉಸಿರು, ಹೃದಯ ನಿಲ್ಲಬಹುದು. "ನಿನ್ನಪ್ಪನಿಗೂ ಇದೇ ಕಾರಣ. ಅವನ ಟೆಸ್ಟರಿನ ಹಿಡಿಗೆ ಸೆಲ್ಲೋಟೇಪ್ ಸುತ್ತಿದೆಯಾ ನೋಡು."

ಸುತ್ತಿತ್ತು. ಅಲ್ಲಿಗೆ ಆ ಟೆಸ್ಟರಿನ ಆಯಸ್ಸು ಮುಗಿಯಿತು. ಅಪ್ಪನ ಮುಖ ಹೇಗಾಯಿತು ಎಂಬುದನ್ನು ಪುಟ್ಟಿ ವಿವರವಾಗಿ ಹೇಳಿದಳು.

ಇಷ್ಟಾದ ಮೇಲೆ ಪ್ರಶ್ನೆಗಳು ಸಾಲು ಹಿಡಿದವು. ತಂತಿ ಮೇಲಿನ ಕಾಗೆ? ಅದರ ಎರಡು ಕಾಲೂ ಒಂದೇ ತಂತಿಯ ಮೇಲೆ ಇವೆ. ಎರಡರಲ್ಲೂ ವೋಲ್ಟ್ ಸಮ, ಹಾಗಾಗಿ ಕಾಗೆಯ ಮೂಲಕ ಕರೆಂಟಿಗೆ ಹೋಗುವ ಕಾರಣವೇ ಇಲ್ಲ. ರೆಕ್ಕೆ ಅಗಲವಾದ ದೊಡ್ಡ ಬಾವಲಿ ಎರಡು ತಂತಿಗೆ ತಾಗುವುದುಂಟು, ಆಗ ಸಾಯುತ್ತದೆ. ಇದನ್ನು ಮಕ್ಕಳಿಂದ ಮುಚ್ಚಿಡುವ ಅಗತ್ಯ ನನಗೆ ಕಾಣಲಿಲ್ಲ. ಪುಟ್ಟಿ ಸ್ವಲ್ಪ ಹೊತ್ತು ಬೇಸರದಲ್ಲಿದ್ದು, "ಪಾಪ, ತಲೆಕೆಳಗಾಗಿ ನೇತಾಡೋದಕ್ಕೆ ಮರ ಸಾಕಿತ್ತು" ಎಂದಳು.

ಈ ಹೊತ್ತಿಗೆ ಚಿಕ್ಕಪ್ಪ ಗುಂಪಿನಲ್ಲಿ ಧೈರ್ಯ ತುಂಬಿದರು: 'ನಮ್ಮನೇಲಿ ಎಂಸಿಬಿ ಇದೆ, ಶಾಕ್ ಹೊಡೆದ್ರೆ ಬಿದ್ದುಹೋಗುತ್ತೆ'. ದೊಡ್ಡವರ ಈ ನಂಬಿಕೆ ಗುಮ್ಮನಿಗಿಂತ ಅಪಾಯ. ಎಂಸಿಬಿ ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್. ಹದಿನಾರು ಆಂಪಿನದು ಕಾಯುವುದು ವೈರನ್ನು. ಹದಿನಾರು ಆಂಪ್ ಅಂದರೆ ಹದಿನಾರು ಸಾವಿರ ಮಿಲಿಆಂಪ್. ಮನುಷ್ಯನ ಕಥೆ ಎಷ್ಟೋ ಮೊದಲೇ ಮುಗಿದಿರುತ್ತದೆ. ಜೀವ ಕಾಯುವುದಕ್ಕೆ ಇರುವುದು ಆರ್‌ಸಿಸಿಬಿ ಎಂಬ ಇನ್ನೊಂದು ಸ್ವಿಚ್. ಮನೆಗೆ ಹಾಕುವುದು 30 ಮಿಲಿಆಂಪಿನದು.

"ಅದೇನ್ ಮಾಡುತ್ತೆ?"

ಪ್ರವಾಸಕ್ಕೆ ಹೊರಟ ಟೀಚರ್ ಬಸ್ಸು ಹತ್ತುವಾಗ, ಇಳಿಯುವಾಗ ಮಕ್ಕಳ ತಲೆ ಎಣಿಸುತ್ತಾರಲ್ಲ, ಹಾಗೆ. ಒಂದು ತಂತಿಯಲ್ಲಿ ಹೋದಷ್ಟೂ ಇನ್ನೊಂದರಲ್ಲಿ ವಾಪಸು ಬಂತಾ ಎಂದು ಅದು ನೋಡುತ್ತಲೇ ಇರುತ್ತದೆ. ಬರದಿದ್ದರೆ ಎಲ್ಲೋ ಸೋರಿದೆ, ಬಹುಶಃ ಯಾರದೋ ಮೈಯ ಮೂಲಕ ನೆಲಕ್ಕೆ. ತಟ್ಟನೆ ಇಡೀ ಕರೆಂಟು ಕತ್ತರಿಸುತ್ತದೆ.

"ಅದಿದ್ರೆ ಮುಟ್ಟಬಹುದು, ಅಲ್ವಾ?"

ಇವಳು ವಕೀಲೆಯಾಗಬೇಕು. "ಇಲ್ಲ. ಒಂದೊಂದು ಕೈಲಿ ಒಂದೊಂದು ತಂತಿ ಹಿಡಿದರೆ ಹೋದದ್ದೆಲ್ಲ ವಾಪಸು ಬರುತ್ತದೆ. ಅದರ ಲೆಕ್ಕ ಸರಿಯಾಗೇ ಇರುತ್ತದೆ. ಅದು ನಿನ್ನನ್ನೂ ಒಂದು ಬಲ್ಬು ಅಂದುಕೊಂಡು ಸುಮ್ನಿರುತ್ತದೆ."

ಬಲ್ಬು ಎಂದದ್ದಕ್ಕೆ ಬಿದ್ದು ಬಿದ್ದು ನಕ್ಕಳು. ಯಾರಿಗಾದರೂ ಶಾಕ್ ಹೊಡೆಯುತ್ತಿದ್ದರೆ ಅವರನ್ನು ಹಿಡಿದು ಎಳೆಯಬಾರದು, ದೊಡ್ಡವರನ್ನು ಕೂಗಿ ಮೇನ್ ಸ್ವಿಚ್ ಆರಿಸಲು ಹೇಳಬೇಕು ಎಂಬುದನ್ನು ಆ ನಗುವಿನ ನಡುವೆಯೇ ಸೇರಿಸಿದೆ. ಅವಳ ಬಾಯಿಂದಲೇ ಎರಡು ಸಲ ಹೇಳಿಸಿದೆ.

ಆರ್‌ಸಿಸಿಬಿ ಮೇಲೆ ಟಿ ಎಂದು ಬರೆದ ಗುಂಡಿ ಇರುತ್ತದೆ. ಒತ್ತಿದರೆ ಸ್ವಿಚ್ ಬೀಳಬೇಕು, ಬೀಳದಿದ್ದರೆ ಅದನ್ನು ಬದಲಿಸಬೇಕು. ಇದನ್ನು ಆಗಾಗ ಪರೀಕ್ಷಿಸಬೇಕು ಎಂದು ಗುಂಪಿನಲ್ಲಿ ಬರೆದೆ. ಇಂಜಿನಿಯರ್ ಭಾವ ಕೂಡಲೇ ಹೋಗಿ ಒತ್ತಿದರು. ಬಿತ್ತು. ಅಕ್ಕ ಕಚೇರಿಯ ಫೈಲನ್ನು ಸೇವ್ ಮಾಡಿರಲಿಲ್ಲ. ಆಮೇಲೆ ಮಧ್ಯಾಹ್ನದವರೆಗೆ ಅವರಿಬ್ಬರೂ ಗುಂಪಿನಲ್ಲಿ ಕಾಣಲಿಲ್ಲ. ಅತ್ತೆಯ ಮನೆಯಲ್ಲಿ ಅಂಥ ಸ್ವಿಚ್ಚೇ ಇಲ್ಲ ಎಂದು ಗೊತ್ತಾಯಿತು. ಎಲೆಕ್ಟ್ರಿಷಿಯನ್‌ಗೆ ಫೋನ್ ಹೋಯಿತು. ಅವನು ಬುಧವಾರ ಬರುತ್ತೇನೆ ಅಂದನಂತೆ, ಯಾವ ಬುಧವಾರ ಎಂದು ಹೇಳಲಿಲ್ಲ.

ನಿಜವಾಗಿ ಸಿಕ್ಕಿಬಿದ್ದದ್ದು ಅಮ್ಮ. ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟು, ನೀರು ಕಾದಿದೆಯಾ ಎಂದು ಬೆರಳದ್ದಿ ನೋಡುವುದು ಅವರ ಹಳೇ ಪದ್ಧತಿ. ಕಾಯಿಲ್ ಸವೆದು ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಆ ನೀರಿಗೇ ಕರೆಂಟು ಬರಬಹುದು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೇ ಮುಟ್ಟಬೇಕು. ನಾನು ವರ್ಷಗಟ್ಟಲೆ ಹೇಳಿ ಸೋತಿದ್ದೆ. ಪುಟ್ಟಿ ಬಚ್ಚಲಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳಂತೆ.

ಸಂಜೆ ಅಮ್ಮನದೇ ಫೋನ್. "ಈ ಹುಡುಗಿಗೆ ಏನು ಹೇಳಿಕೊಟ್ಟಿದ್ದೀಯೋ? ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ತೋರಿಸೋವರೆಗೂ ಸ್ನಾನಕ್ಕೆ ಬಿಡ್ತಿಲ್ಲ. ನೀರು ಆರಿಹೋಯ್ತು."

ಹಿಂದಿನಿಂದ ಪುಟ್ಟಿ: "ಅಜ್ಜಿ, ಇನ್ನೊಂದ್ಸಲ ಕಾಯಿಸೋಣ. ಈ ಸಲ ನಾನು ಹೇಳಿದಾಗ ಕೀಳಿ."