ಸ್ಪಷ್ಟನೆ: ಡಿಎಫ್‌ಎಸ್‌ಗೆ ಮೊದಲು ಸಿಕ್ಕ ದಾರಿ ಹತ್ತಿರದ ದಾರಿಯಲ್ಲ

"ಶಾರ್ಟೆಸ್ಟ್ ಪಾತ್ ಅಸೈನ್‌ಮೆಂಟ್‌ಗೆ ಡಿಎಫ್‌ಎಸ್ ಸಾಕು. `visited` ಇಟ್ಟರೆ ಮೊದಲು ಸಿಗುವ ದಾರಿಯೇ ಚಿಕ್ಕದು. ಎಲ್ಲರಿಗೂ ಕಳಿಸಿ."

ಇದು ತಪ್ಪು. ಸೋಮವಾರ ಇದನ್ನು ಕ್ಲಾಸಿನ ಗ್ರೂಪಿಗೆ ನಾನೂ ಕಳಿಸಿದ್ದೆ, ಕ್ಷಮಿಸಿ. ಅಸೈನ್‌ಮೆಂಟಿನಲ್ಲಿ ಕೇಳಿರುವುದು ಅತಿ ಕಡಿಮೆ ಎಡ್ಜ್‌ಗಳ ದಾರಿ. ಅದಕ್ಕೆ ಬೇಕಾದದ್ದು ಬಿಎಫ್‌ಎಸ್.

ನಮ್ಮ ಮಂಗಳೂರಿನ ಸ್ಟಾಪುಗಳನ್ನೇ ಬರೆದು ನೋಡಿ. ಜ್ಯೋತಿಯಿಂದ ಕಂಕನಾಡಿ, ಅಲ್ಲಿಂದ ಪಂಪ್‌ವೆಲ್. ಇನ್ನೊಂದು ದಾರಿ ಜ್ಯೋತಿ, ಬಂಟ್ಸ್ ಹಾಸ್ಟೆಲ್, ಮಲ್ಲಿಕಟ್ಟೆ, ನಂತೂರು, ಪಂಪ್‌ವೆಲ್. ಜ್ಯೋತಿಯ ಪಕ್ಕದ ಸ್ಟಾಪುಗಳ ಪಟ್ಟಿಯಲ್ಲಿ ಬಂಟ್ಸ್ ಹಾಸ್ಟೆಲ್ ಮೊದಲಿದ್ದರೆ ಡಿಎಫ್‌ಎಸ್ ಆ ಕಡೆಗೇ ಇಳಿಯುತ್ತದೆ. ಪಂಪ್‌ವೆಲ್‌ಗೆ 4 ಎಡ್ಜ್ ಎಂದು ಬರೆದು, ಅಲ್ಲಿಂದ ಕಂಕನಾಡಿಗೆ ಹೋಗಿ 5 ಎನ್ನುತ್ತದೆ. ಕಂಕನಾಡಿ ಜ್ಯೋತಿಯ ಪಕ್ಕದ್ದೇ ಅಲ್ವಾ! ಆದರೆ `visited` ಗುರುತು ಬಿದ್ದಾಗಿದೆ, ಹಾಗಾಗಿ ತಪ್ಪು ಸಂಖ್ಯೆ ತಿದ್ದಲು ಅದು ಮತ್ತೆ ಬರುವುದೇ ಇಲ್ಲ.

ಬಿಎಫ್‌ಎಸ್ ಕ್ಯೂ ಹಿಡಿದು ಹೋಗುತ್ತದೆ. 1 ಎಡ್ಜ್ ದೂರದ ಸ್ಟಾಪುಗಳೆಲ್ಲ ಮುಗಿದ ಮೇಲೆಯೇ 2ರವು. ಕಂಕನಾಡಿ 1, ಪಂಪ್‌ವೆಲ್ 2. ಪಟ್ಟಿಯ ಕ್ರಮ ಹೇಗಿದ್ದರೂ ಇದೇ ಉತ್ತರ.

ಸ್ಯಾಂಪಲ್ ಟೆಸ್ಟ್ ಪಾಸಾಯಿತು ಎಂದು ನಂಬಬೇಡಿ, ಅಲ್ಲಿ ಚಿಕ್ಕ ದಾರಿ ಪಟ್ಟಿಯಲ್ಲಿ ಮೊದಲಿತ್ತು ಅಷ್ಟೆ. ಪಟ್ಟಿಯನ್ನು ತಿರುಗಿಸಿ ಮತ್ತೆ ಓಡಿಸಿ. ದೂರ ಬದಲಾದರೆ ಕೋಡ್ ತಪ್ಪು.

ಒಂದು ಮಾತು: ಎಡ್ಜ್‌ಗಳ ಮೇಲೆ ಬೇರೆ ಬೇರೆ ಕಿಲೋಮೀಟರ್ ಕೊಟ್ಟಿದ್ದರೆ ಬಿಎಫ್‌ಎಸ್ ಕೂಡ ಸಾಲದು, ಡೈಕ್‌ಸ್ಟ್ರಾ ಬೇಕು.

ಹಳೆಯ ಮೆಸೇಜನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ.