ಸ್ಟೇರಿಂಗ್ ಗಟ್ಟಿಯಾದರೆ ರಸ್ತೆ ಕೈಗೆ ಸಿಕ್ಕಿತು ಅಂತಲ್ಲ

ಹೋದ ವಾರ ಚಿತ್ರದುರ್ಗದಿಂದ ದಾವಣಗೆರೆಗೆ ಹೊಸ ಕಾರಿನಲ್ಲಿ ಬರುತ್ತಿದ್ದೆ. ಭರಮಸಾಗರದ ಹತ್ತಿರ ಬಂಕಿನಲ್ಲಿ ನಿಲ್ಲಿಸಿದಾಗ ಗಾಳಿ ಹಾಕುವ ಹುಡುಗ, "ಸಾರ್, ಎಡಗಡೆ ಮುಂದಿನ ಟೈರ್ ನೋಡ್ರಿ" ಅಂದ. ಚೆಕ್ ಮಾಡಿದರೆ 20 ಇತ್ತು. ಇರಬೇಕಾಗಿದ್ದು 33. ವಾಲ್ವ್ ಹತ್ತಿರ ಸಣ್ಣಗೆ ಗಾಳಿ ಹೋಗುತ್ತಿತ್ತು.

ಟೈರ್ ಗಾಳಿ ಹೋಗೋದು ಇದ್ದದ್ದೇ. ಆದರೆ ಅಷ್ಟು ದೂರ ಓಡಿಸಿದರೂ ನನ್ನ ಕೈಗೆ ಏನೂ ತಿಳಿಯಲಿಲ್ಲ. ನಮ್ಮ ಮನೆಯ ಹಳೇ ಕಾರಿನಲ್ಲಿ 26ಕ್ಕೆ ಇಳಿದರೆ ಸಾಕು, ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿತ್ತು. ಅದು ಆಯಿಲ್ ಪಂಪಿನ ಪವರ್ ಸ್ಟೇರಿಂಗ್. ಹೊಸದು ಕರೆಂಟ್ ಮೋಟರಿನದು. ಇದರ ಬಗ್ಗೆ ಬರೆಯಲೇಬೇಕು ಅನ್ನಿಸಿತು.

ಹಳೆಯದರಲ್ಲಿ ಇಂಜಿನ್ ಬೆಲ್ಟಿನಿಂದ ಪಂಪ್ ತಿರುಗುತ್ತದೆ. ಸ್ಟೇರಿಂಗ್ ಕಂಬಿಯ ಕೆಳಗೆ, ಪಿನಿಯನ್ ಅನ್ನೋ ಸಣ್ಣ ಹಲ್ಲಿನ ಚಕ್ರದ ಹತ್ತಿರ, ಟಾರ್ಷನ್ ಬಾರ್ ಅಂತ ಒಂದು ತೆಳು ಉಕ್ಕಿನ ಸರಳಿದೆ. ನಾವು ತಿರುಗಿಸಿದಾಗ ಅದು ಒಂದೆರಡು ಡಿಗ್ರಿ ತಿರುಚಿಕೊಳ್ಳುತ್ತದೆ. ಆ ತಿರುಚಿನಿಂದ ವಾಲ್ವ್ ತೆರೆದು ಆಯಿಲ್ ಒಂದು ಕಡೆ ನುಗ್ಗಿ, ಮುಂದಿನ ಚಕ್ರಗಳನ್ನು ತಿರುಗಿಸುವ ಹಲ್ಲಿನ ಪಟ್ಟಿಯಾದ ರ‍್ಯಾಕ್ ತಳ್ಳುತ್ತದೆ. ನೇರವಾಗಿ ಹೋಗುವಾಗ ತಿರುಚು ಇಲ್ಲ, ಆಯಿಲ್ ಸುಮ್ನೆ ಸುತ್ತುತ್ತಿರುತ್ತದೆ, ಸಹಾಯ ಹೆಚ್ಚುಕಮ್ಮಿ ಸೊನ್ನೆ. ಅಂದ್ರೆ ಆಗ ಟೈರಿಗೂ ಕೈಗೂ ನಡುವೆ ಇರೋದು ಬರೀ ಉಕ್ಕು. ಟೈರಿನಲ್ಲಿ ಆಗುವ ಸಣ್ಣ ಎಳೆತವೂ ಕೈಗೆ ಬರುತ್ತದೆ.

ಕರೆಂಟಿನದರಲ್ಲೂ ಅದೇ ಸರಳು ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಅದರ ತಿರುಚನ್ನು ಸೆನ್ಸರ್ ಅಳೆಯುತ್ತದೆ, ಕಂಪ್ಯೂಟರ್ ಗಾಡಿಯ ವೇಗ ನೋಡಿ ಮೋಟರಿಗೆ ಕರೆಂಟ್ ಕೊಡುತ್ತದೆ. ಹಾಗಾದರೆ ಕೈಗೆ ಯಾಕೆ ತಿಳಿಯಲ್ಲ? ಕಾರಣ ಮೋಟರಿನ ಗೇರು. ಸಣ್ಣ ಕಾರುಗಳಲ್ಲಿ ಮೋಟರ್ ಸ್ಟೇರಿಂಗ್ ಕಂಬಿಗೇ ಸ್ಕ್ರೂ ಥರದ ವರ್ಮ್ ಗೇರಿನಿಂದ ಕೂತಿರುತ್ತದೆ. ಮೋಟರ್ 18 ಸುತ್ತು ತಿರುಗಿದರೆ ಸ್ಟೇರಿಂಗ್ 1 ಸುತ್ತು ಅಂದುಕೊಳ್ಳಿ. ಟೈರಿನಿಂದ ಬರುವ ಎಳೆತ ಕೈಗೆ ಮುಟ್ಟಬೇಕಾದರೆ ಈ ಗೇರನ್ನೂ ಮೋಟರನ್ನೂ ಉಲ್ಟಾ ತಿರುಗಿಸಬೇಕು. ಆಗ ಮೋಟರಿನ ಜಡತ್ವ 18 ಪಟ್ಟಲ್ಲ, 18ರ ವರ್ಗ, ಅಂದರೆ 324 ಪಟ್ಟು ಎದುರು ನಿಲ್ಲುತ್ತದೆ. ಬೇಗ ಬಂದು ಹೋಗುವ ಅದುರನ್ನು ಈ ಜಡತ್ವ ತಡೆಯುತ್ತದೆ. ನನ್ನ ಟೈರಿನದ್ದರಂಥ ನಿಧಾನದ ಸಣ್ಣ ಎಳೆತವನ್ನು ಗೇರಿನ ಘರ್ಷಣೆ ಅಲ್ಲೇ ನುಂಗಿಬಿಡುತ್ತದೆ. ಇದು ಸಾಲದು ಅಂತ, ಗಾಡಿ ಒಂದೇ ಕಡೆ ಎಳೆಯುತ್ತಿದ್ದರೆ ಅದನ್ನು ಗುರುತಿಸಿ ತಾನೇ ಸರಿದೂಗಿಸುವ ಸಾಫ್ಟ್‌ವೇರೂ ಕೆಲವು ಕಾರುಗಳಲ್ಲಿದೆ. ಚಿತ್ರದುರ್ಗದ ಗಾಳಿಯಂತ್ರಗಳ ಕಡೆಯಿಂದ ಅಡ್ಡಗಾಳಿ ಹೊಡೆಯುವಾಗ ಇದು ನಿಜವಾಗಿಯೂ ಆರಾಮ. ಆದರೆ ಟೈರ್ ಕೊಡುವ ಎಚ್ಚರಿಕೆಯೂ ಅದರ ಜೊತೆಗೇ ಮರೆಯಾಗಬಹುದು.

ಹಾಗಂತ ಹಳೆಯದೇ ವಾಪಸ್ ಬರಲಿ ಅಂತ ನಾನು ಕೇಳುವುದಿಲ್ಲ. ನೇರ ಹೈವೇಯಲ್ಲೂ ಆ ಪಂಪ್ ಸುಮ್ನೆ ತಿರುಗುತ್ತಾ ಪೆಟ್ರೋಲ್ ತಿನ್ನುತ್ತದೆ. ಮೋಟರ್ ಬೇಕಾದಾಗ ಮಾತ್ರ ಕೆಲಸ ಮಾಡುತ್ತದೆ. ಸುಜುಕಿ 1988ರಲ್ಲಿ ಸೆರ್ವೋ ಎಂಬ ಪುಟ್ಟ ಕಾರಿಗೆ ಇದನ್ನು ಮೊದಲು ಹಾಕಿತು. ಸಣ್ಣ ಇಂಜಿನ್ನಿಗೆ ಪಂಪ್ ಭಾರವೇ ಅಲ್ವಾ? ಹಳೇ ಕಾರಿನ ಹೋಸಿನಿಂದ ಆಯಿಲ್ ಸೋರಿ ನಾನು ಎರಡು ಸಲ ದುಡ್ಡು ಸುರಿದಿದ್ದೇನೆ. ಮಂಡಿಪೇಟೆಯ ಇಕ್ಕಟ್ಟಿನಲ್ಲಿ ಗಾಡಿ ನಿಲ್ಲಿಸುವಾಗ ಹೊಸದಕ್ಕೆ ಒಂದೇ ಕೈ ಸಾಕು. ಒಂದು ಮಾತು ನೆನಪಿರಲಿ. ನಿಂತಲ್ಲೇ ಆ ಕಡೆ ಈ ಕಡೆ ಬಹಳ ಸಲ ತಿರುಗಿಸಿದರೆ ಮೋಟರ್ ಬಿಸಿಯಾಗಿ ಸಹಾಯ ಕಮ್ಮಿಯಾಗುತ್ತದೆ. ಸ್ವಲ್ಪ ಬಿಟ್ಟರೆ ಸರಿಯಾಗುತ್ತದೆ. ಬ್ಯಾಟರಿ ವೀಕ್ ಇದ್ದಾಗಲೂ ಲೈಟ್ ಹತ್ತಿ ಸ್ಟೇರಿಂಗ್ ಗಟ್ಟಿಯಾಗಬಹುದು. ಮೆಕ್ಯಾನಿಕ್ ಇಡೀ ಮೋಟರ್ ಬದಲಿಸೋಣ ಅಂದರೆ ಮೊದಲು ಬ್ಯಾಟರಿ ಚೆಕ್ ಮಾಡಿಸಿ.

ನನ್ನ ತಕರಾರು ಇರೋದು ಸ್ಪೋರ್ಟ್ ಮೋಡ್ ಬಗ್ಗೆ. ಬಟನ್ ಒತ್ತಿದರೆ ಸ್ಟೇರಿಂಗ್ ಗಟ್ಟಿಯಾಗುತ್ತದೆ, ಅದನ್ನೇ "ಫೀಲ್" ಅಂತ ಶೋರೂಮಿನಲ್ಲಿ ಹೇಳುತ್ತಾರೆ. ಅಲ್ಲಿ ನಡೆಯೋದು ಮೋಟರ್ ಸಹಾಯ ಕಮ್ಮಿ ಮಾಡೋದು ಅಷ್ಟೇ. ರಸ್ತೆಯಿಂದ ಹೊಸ ಸುದ್ದಿ ಏನೂ ಬರಲ್ಲ.

ಟೆಸ್ಟ್ ಡ್ರೈವ್‌ಗೆ ಹೋದರೆ ಹೀಗೆ ಮಾಡಿ. ಖಾಲಿ ಸರ್ವಿಸ್ ರಸ್ತೆಯಲ್ಲಿ 50ರಲ್ಲಿ ನೇರ ಹೋಗುತ್ತಾ ಸ್ಟೇರಿಂಗನ್ನು ಎರಡು ಬೆರಳಿನಲ್ಲಿ ಸ್ವಲ್ಪವೇ ಸರಿಸಿ. ಒಳ್ಳೆಯದರಲ್ಲಿ ಸರಿಸಿದ ಕೂಡಲೇ ತೂಕ ನಿಧಾನಕ್ಕೆ ಏರುತ್ತದೆ. ಕೆಟ್ಟದ್ದರಲ್ಲಿ ಮೊದಲು ಅಂಟಿಕೊಂಡ ಹಾಗೆ ಇದ್ದು ಆಮೇಲೆ ದಿಢೀರ್ ಸರಿಯುತ್ತದೆ. ಆಮೇಲೆ ನಿಧಾನಕ್ಕೆ, 20ರಲ್ಲಿ, ಸ್ಟೇರಿಂಗ್ ಸ್ವಲ್ಪ ತಿರುಗಿಸಿಕೊಂಡೇ ಜಲ್ಲಿ ಮಣ್ಣಿಗೆ ಇಳಿಯಿರಿ. ಟೈರ್ ಹಿಡಿತ ಕಮ್ಮಿಯಾದ ಕೂಡಲೇ ಸ್ಟೇರಿಂಗ್ ಹಗುರವಾಗಬೇಕು. ನನ್ನ ಹಳೇ ಕಾರಿನಲ್ಲಿ ಆಗುತ್ತದೆ. ಹೊಸದರಲ್ಲಿ ಟಾರ್ ಮೇಲೂ ಜಲ್ಲಿ ಮೇಲೂ ಒಂದೇ ತೂಕ.